ಮೊಟ್ಟೆಯ ಬಗ್ಗೆ ಒಂದು ಅಭಿಪ್ರಾಯ ಲೇಖನ

ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕೇ? ಕರ್ನಾಟಕದಲ್ಲಿ ಈ ವಾದ ಮತ್ತೆ ಮತ್ತೆ ಏಳುತ್ತದೆ. ಇದರ ಬಗ್ಗೆ ಬರೆಯಲು ಕೂತವರು ಹೆಚ್ಚಾಗಿ ‘ಮಕ್ಕಳ ಪೌಷ್ಟಿಕತೆ ಮುಖ್ಯ’ ಎಂದು ಶುರುಮಾಡುತ್ತಾರೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ, ಹಾಗಾಗಿ ಅದು ನಿಲುವೇ ಅಲ್ಲ. ‘ಮೊಟ್ಟೆ ಮುಂದುವರಿಯಲೇಬೇಕು’ ಎಂದರೆ ಒಪ್ಪದವರು ಸಿಗುತ್ತಾರೆ. ಬರಹ ಶುರುವಾಗುವುದು ಅಲ್ಲಿಂದ. ಆಧಾರ ಒಂದಿದ್ದರೂ ಸಾಕು: ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ.

ಹೆಚ್ಚಿನವರು ಎಡವುವುದು ಎದುರುವಾದದಲ್ಲಿ. ‘ವಿರೋಧಿಸುವವರಿಗೆ ಮಕ್ಕಳ ಹಸಿವು ಗೊತ್ತಿಲ್ಲ’ ಎಂದು ಬರೆದರೆ ಚಪ್ಪಾಳೆ ಸಿಗಬಹುದು, ಆದರೆ ಎದುರಿನವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಅವರ ಮಾತಿನಲ್ಲಿ ಅತಿ ಗಟ್ಟಿಯಾದದ್ದನ್ನೇ ಎತ್ತಿಕೊಳ್ಳಿ: ಮೊಟ್ಟೆ ತಿನ್ನುವವರು, ತಿನ್ನದವರು ಎಂದು ತಟ್ಟೆಯ ಮುಂದೆ ಮಕ್ಕಳಲ್ಲಿ ಭೇದ ಮೂಡುತ್ತದೆ. ಈ ಆತಂಕ ನಿಜ. ಬರೆದದ್ದನ್ನು ಮೊಟ್ಟೆ ತಿನ್ನದ ಸ್ನೇಹಿತರೊಬ್ಬರಿಗೆ ತೋರಿಸಿ. ‘ಹೌದು, ನಾನು ಹೇಳುವುದು ಇದನ್ನೇ’ ಎಂದರೆ ನ್ಯಾಯವಾಗಿ ಬರೆದಿದ್ದೀರಿ.

ಆಮೇಲೆ ಉತ್ತರ ಕೊಡಿ. ಭೇದ ಹುಟ್ಟುವುದು ಬೇರೆ ಸಾಲಿನಲ್ಲಿ ಕೂರಿಸುವುದರಿಂದ, ಮೊಟ್ಟೆಯಿಂದಲ್ಲ.

ಕೊನೆಯಲ್ಲಿ ‘ಸರ್ಕಾರ ಯೋಚಿಸಲಿ’ ಎಂದು ಜಾರಿಕೊಳ್ಳಬೇಡಿ. ಎದುರುವಾದದಿಂದ ಕಲಿತದ್ದನ್ನೂ ಸೇರಿಸಿ ಹೀಗೆ ಬರೆಯಿರಿ: ಮೊಟ್ಟೆ ನಿಲ್ಲಬಾರದು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣಿನ ಬದಲು ಕಡಲೆಬೀಜದ ಚಿಕ್ಕಿ ಸಿಗಬೇಕು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು.