ಆಫರ್ ಏಪ್ರಿಲ್‌ಗೆ, ಬಿಡುಗಡೆ ಜೂನ್‌ಗೆ

ಬೆಂಗಳೂರಿನ ಐಟಿ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವವರು ಮೊದಲ ಫೋನ್ ಕರೆಯಲ್ಲೇ ಮೂರು ಪ್ರಶ್ನೆ ಕೇಳಿಬಿಡುತ್ತಾರೆ. ಈಗ ಸಂಬಳ ಎಷ್ಟು, ಎಷ್ಟು ನಿರೀಕ್ಷೆ, ನೋಟಿಸ್ ಪೀರಿಯಡ್ ಎಷ್ಟು ದಿನ? ಮೊದಲ ಎರಡಕ್ಕೆ ಜನ ಅಳೆದು ತೂಗಿ ಉತ್ತರಿಸುತ್ತಾರೆ. ಮೂರನೆಯದಕ್ಕೆ ಮಾತ್ರ ‘ತೊಂಬತ್ತು ದಿನ, ಆದ್ರೆ ನೆಗೋಷಿಯಬಲ್’ ಎಂದು ಹಗುರಾಗಿ ಹೇಳಿ ಮುಗಿಸುತ್ತಾರೆ. ಕೆಲಸಕ್ಕೆ ಸೇರುವ ದಿನಾಂಕ ಮುಂದೂಡಿ ಎಂದು ಕೇಳುವ ಪತ್ರಗಳಲ್ಲಿ ಬಹುಪಾಲು ಹುಟ್ಟುವುದು ಆ ಒಂದು ಮಾತಿನಿಂದ.

ಲೆಕ್ಕಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಆಕೆ ಸಾಫ್ಟ್‌ವೇರ್ ಟೆಸ್ಟರ್. ತಿಂಗಳ ಒಟ್ಟು ಸಂಬಳ 90 ಸಾವಿರ ರೂಪಾಯಿ, ಅದರಲ್ಲಿ ಬೇಸಿಕ್ 45 ಸಾವಿರ. ಮಾರ್ಚ್ 3ರಂದು ಹೊಸ ಕಂಪನಿಯ ಆಫರ್ ಲೆಟರ್ ಬಂತು. ಏಪ್ರಿಲ್ 6ರೊಳಗೆ ಸೇರಬೇಕು, ಇಲ್ಲದಿದ್ದರೆ ಆಫರ್ ರದ್ದು ಎಂಬ ಸಾಲು ಅದರಲ್ಲಿದೆ. ಹಳೆಯ ಕಂಪನಿಯ ನೇಮಕಾತಿ ಪತ್ರದಲ್ಲಿರುವುದು 90 ದಿನಗಳ ನೋಟಿಸ್.

ಇಲ್ಲಿ ಒಂದು ಗಂಟಿದೆ. ರಾಜೀನಾಮೆ ಕೊಡದೆ ಕೊನೆಯ ದಿನ ಯಾವುದೆಂದು ಗೊತ್ತಾಗುವುದಿಲ್ಲ. ಹೊಸ ದಿನಾಂಕಕ್ಕೆ ಲಿಖಿತ ಒಪ್ಪಿಗೆ ಸಿಗುವ ಮೊದಲೇ ರಾಜೀನಾಮೆ ಕೊಟ್ಟರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬ ಸ್ಥಿತಿ ಬರಬಹುದು. ‘ಪೇಪರ್ ಹಾಕಿ ಆಮೇಲೆ ಮಾತಾಡೋಣ’ ಎನ್ನುವ ಧೈರ್ಯವಂತರಿದ್ದಾರೆ. ನಾನು ಆ ಪಕ್ಷದವನಲ್ಲ. ಪತ್ರ ಮೊದಲು ಹೋಗಬೇಕು. ಉತ್ತರ ಯಾವಾಗ ಬಂದರೆ ಯಾವ ದಿನ ಸೇರಬಲ್ಲೆ ಎಂಬುದನ್ನು ಅದರಲ್ಲೇ ಎಣಿಸಿ ಹೇಳಬೇಕು.

ಎಣಿಸುವುದರಲ್ಲೂ ಒಂದು ದಿನದ ತಕರಾರಿದೆ. ರಾಜೀನಾಮೆ ಕೊಟ್ಟ ದಿನವನ್ನೇ ಮೊದಲ ದಿನವೆಂದು ಕೆಲವು ಕಂಪನಿಗಳು ಹಿಡಿಯುತ್ತವೆ, ಕೆಲವು ಮರುದಿನದಿಂದ ಎಣಿಸುತ್ತವೆ. ಆಕೆ ಮಾರ್ಚ್ 9ರಂದು ರಾಜೀನಾಮೆ ಕೊಟ್ಟರೆ ಮೊದಲ ಲೆಕ್ಕದಲ್ಲಿ 90 ದಿನ ಮುಗಿಯುವುದು ಜೂನ್ 6ಕ್ಕೆ, ಎರಡನೆಯದರಲ್ಲಿ ಜೂನ್ 7ಕ್ಕೆ. ಜೂನ್ 8 ಎಂದು ಬರೆದರೆ ಎರಡೂ ಲೆಕ್ಕಕ್ಕೆ ಹೊಂದುತ್ತದೆ. ‘ಸುಮಾರು ಮೂರು ತಿಂಗಳು’ ಎಂದು ಬರೆಯುವವರು ಜೂನ್ 3 ಎಂದೋ 5 ಎಂದೋ ಒಪ್ಪಿಕೊಂಡು, ಕೊನೆಯ ವಾರದಲ್ಲಿ ಮತ್ತೊಂದು ಪತ್ರ ಬರೆಯುತ್ತಾರೆ. ಮೊದಲ ಪತ್ರವನ್ನು ಸಹಿಸಿಕೊಂಡ ಎಚ್‌ಆರ್ ಎರಡನೆಯದನ್ನು ಅಷ್ಟು ಸುಲಭವಾಗಿ ಸಹಿಸುವುದಿಲ್ಲ.

ಎಚ್‌ಆರ್‌ನವರ ಅನುಮಾನಕ್ಕೂ ಕಾರಣವಿದೆ. ತೊಂಬತ್ತು ದಿನ ಕೈಯಲ್ಲಿದ್ದವರು ಒಂದು ಆಫರ್ ತೋರಿಸಿ ಇನ್ನೊಂದನ್ನು, ಅದನ್ನು ತೋರಿಸಿ ಮತ್ತೊಂದನ್ನು ಪಡೆಯುವುದು ಈ ಊರಿನಲ್ಲಿ ಹೊಸದಲ್ಲ. ಸೇರುವ ದಿನ ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡಿಕೊಂಡವರನ್ನೂ ಅವರು ನೋಡಿರುತ್ತಾರೆ. ಆದ್ದರಿಂದ ‘ವೈಯಕ್ತಿಕ ಕಾರಣಗಳಿಂದ ಸ್ವಲ್ಪ ಸಮಯ ಬೇಕು’ ಎಂಬ ಸಾಲು ಅವರ ಕಣ್ಣಿಗೆ ಬೇರೆಯೇ ಅರ್ಥದಲ್ಲಿ ಕಾಣುತ್ತದೆ. ನಿಷ್ಠೆಯ ಮಾತುಗಳಿಂದ ಈ ಅನುಮಾನ ಹೋಗುವುದಿಲ್ಲ. ನೇಮಕಾತಿ ಪತ್ರದ ನೋಟಿಸ್ ಷರತ್ತಿನ ಪುಟ ಜೊತೆಗಿದ್ದರೆ, ರಾಜೀನಾಮೆ ಅಂಗೀಕಾರದ ಮೇಲ್ ಯಾವಾಗ ಕಳಿಸುತ್ತೇನೆಂದು ಹೇಳಿದ್ದರೆ ಹೋಗುತ್ತದೆ. (ಷರತ್ತಿನ ಪುಟ ಕಳಿಸುವಾಗ ಹಳೆಯ ಕಂಪನಿಯ ಬೇರೆ ಗೋಪ್ಯ ಪುಟಗಳು ಅಂಟಿಕೊಂಡು ಹೋಗದಂತೆ ನೋಡಿಕೊಳ್ಳಬೇಕು.)

ಈಗ ‘ನೆಗೋಷಿಯಬಲ್’ ವಿಷಯ. ಉಳಿದ ದಿನಗಳಿಗೆ ದುಡ್ಡು ಕಟ್ಟಿ ಬೇಗ ಹೊರಬರುವ ಬೈಔಟ್ ತನ್ನ ಹಕ್ಕು ಎಂದು ಅನೇಕರು ತಿಳಿದಿರುತ್ತಾರೆ. ಷರತ್ತು ಓದಿದರೆ ‘ಕಂಪನಿಯ ವಿವೇಚನೆಗೆ ಒಳಪಟ್ಟು’ ಎಂಬ ಮಾತು ಸಾಮಾನ್ಯವಾಗಿ ಅಲ್ಲಿರುತ್ತದೆ. ಕೆಲಸದಲ್ಲೇ ಇರು ಎಂದು ಯಾರನ್ನೂ ಕೋರ್ಟಿನ ಮೂಲಕ ಕಟ್ಟಿಹಾಕಲಾಗದು. ವ್ಯಕ್ತಿಯ ಸ್ವಂತ ಸೇವೆಯನ್ನು ನೆಚ್ಚಿದ ಕರಾರನ್ನು ಬಲವಂತವಾಗಿ ಜಾರಿ ಮಾಡಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಂ ಬಿಡುವುದಿಲ್ಲ. ಆದರೆ ಕಂಪನಿ ಹಣ ಕೇಳಬಹುದು, ರಿಲೀವಿಂಗ್ ಲೆಟರ್ ಕೊಡುವುದನ್ನು ಎಳೆಯಬಹುದು. ಹೊಸ ಕಂಪನಿಗೆ ಬೇಕಿರುವುದು ಆ ರಿಲೀವಿಂಗ್ ಲೆಟರೇ.

ಹಣದ ಮೊತ್ತವೂ ಒಂದೇ ಅಲ್ಲ. ಆಕೆ 30 ದಿನ ಮೊದಲೇ ಹೊರಟರೆ, ಬೇಸಿಕ್ ಮೇಲೆ ಹಿಡಿಯುವ ಕಂಪನಿಯಲ್ಲಿ 45 ಸಾವಿರ ಕಡಿತ. ಒಟ್ಟು ಸಂಬಳದ ಮೇಲೆ ಹಿಡಿದರೆ 90 ಸಾವಿರ. ಹೊಸ ಕಂಪನಿ ‘ನಾವು ಕೊಡ್ತೀವಿ’ ಎಂದರೆ ಎಷ್ಟರವರೆಗೆ, ಯಾವ ತಿಂಗಳ ಸಂಬಳದಲ್ಲಿ, ಎಷ್ಟು ಕಾಲದೊಳಗೆ ಬಿಟ್ಟುಹೋದರೆ ವಾಪಸು ಕೇಳುತ್ತಾರೆ ಎಂಬುದು ಬರಹದಲ್ಲಿರಬೇಕು. ಸಂಬಳದ ಜೊತೆ ಬರುವ ಈ ಹಣಕ್ಕೆ ಆದಾಯ ತೆರಿಗೆ ಕಳೆದು ಕೊಡುವುದೇ ರೂಢಿ. 45 ಸಾವಿರ ಕಟ್ಟಿದವಳ ಕೈಗೆ 45 ಸಾವಿರ ಬರುವುದಿಲ್ಲ. ಇನ್ನು ಹಳೆಯ ಕಂಪನಿಯ ಅಂತಿಮ ಲೆಕ್ಕದಲ್ಲಿ ನೋಟಿಸ್ ಕಡಿತದ ಮೇಲೆ ಜಿಎಸ್‌ಟಿ ಹಾಕಿದ್ದರೆ ಪ್ರಶ್ನಿಸಬಹುದು. ಅದಕ್ಕೆ ತೆರಿಗೆ ಇಲ್ಲವೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್‌ನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.

ಹೀಗಾಗಿ ಪತ್ರದಲ್ಲಿ ಖಚಿತ ದಿನಾಂಕವಾಗಿ ಬರಬೇಕಾದ್ದು ಪೂರ್ತಿ ನೋಟಿಸ್ ಮುಗಿದ ಮೇಲಿನದು. ಬೈಔಟ್ ಸಿಕ್ಕರೆ ಬೇಗ ಬರುತ್ತೇನೆ ಎಂಬುದು ಎರಡನೆಯ ಸಾಲು. ಇದನ್ನು ತಿರುಗುಮುರುಗು ಮಾಡಿದವರೇ ಹೆಚ್ಚು ಸಿಕ್ಕಿಬೀಳುವುದು. ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ, ನಿಜ. ಒಳಗಿನ ಮಾತು ಕನ್ನಡದಲ್ಲಿ ಹೀಗಿದ್ದರೆ ಸಾಕು:

‘ಮಾನ್ಯರೇ, ಮಾರ್ಚ್ 3ರ ನಿಮ್ಮ ಆಫರ್ ಅನ್ನು ಒಪ್ಪಿಕೊಂಡಿದ್ದೇನೆ. ಅದರಲ್ಲಿ ಸೇರುವ ದಿನಾಂಕ ಏಪ್ರಿಲ್ 6 ಎಂದಿದೆ. ನನ್ನ ಈಗಿನ ನೇಮಕಾತಿಯ ಪ್ರಕಾರ 90 ದಿನಗಳ ನೋಟಿಸ್ ಕೊಡಬೇಕಿದೆ. ಆ ಷರತ್ತಿನ ಪುಟ ಲಗತ್ತಿಸಿದ್ದೇನೆ. ಮಾರ್ಚ್ 6ರೊಳಗೆ ನಿಮ್ಮ ಒಪ್ಪಿಗೆ ಬಂದರೆ ಮಾರ್ಚ್ 9ರಂದು ರಾಜೀನಾಮೆ ಸಲ್ಲಿಸಿ, ಜೂನ್ 8, ಸೋಮವಾರ ಸೇರುತ್ತೇನೆ. ಅಂಗೀಕಾರದ ಮೇಲ್ ಕೈಸೇರಿದ ಕೂಡಲೇ ಅದರ ಪ್ರತಿ ಕಳಿಸುತ್ತೇನೆ. ಬೇಗ ಬಿಡುಗಡೆ ಮಾಡುವಂತೆಯೂ ಕೋರುತ್ತೇನೆ, ಆದರೆ ಅದು ಅವರ ತೀರ್ಮಾನ. ಜೂನ್ 8ಕ್ಕೆ ಅನುಗುಣವಾಗಿ ಪರಿಷ್ಕೃತ ಆಫರ್ ಲೆಟರ್ ಕಳಿಸಬೇಕೆಂದು ಕೋರುತ್ತೇನೆ.’

ಹೊಗಳಿಕೆ ಇಲ್ಲ, ಹಳೆಯ ಮ್ಯಾನೇಜರ್ ಮೇಲೆ ದೂರಿಲ್ಲ. ಬೇರೆಲ್ಲೂ ಇಂಟರ್‌ವ್ಯೂ ಕೊಡುವುದಿಲ್ಲ ಎಂಬ, ಯಾರೂ ಕೇಳದ ಆಣೆಯೂ ಇಲ್ಲ.

ಹೊಸ ಕಂಪನಿ ಒಪ್ಪದೆ ‘ಏಪ್ರಿಲ್‌ನಲ್ಲೇ ಬನ್ನಿ, ಅಲ್ಲಿ ಲಾಗಿನ್ ಇದ್ದರೂ ಪರವಾಗಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳುವುದೂ ಉಂಟು. ಇದಕ್ಕೆ ತಲೆಯಾಡಿಸಬಾರದು. ಭವಿಷ್ಯ ನಿಧಿಯ ಯುಎಎನ್ ಖಾತೆಯಲ್ಲಿ ಹಳೆಯ ಕಂಪನಿ ಬಿಟ್ಟ ದಿನಾಂಕ ಮತ್ತು ಹೊಸದಕ್ಕೆ ಸೇರಿದ ದಿನಾಂಕ ಎರಡೂ ದಾಖಲಾಗುತ್ತವೆ. ಒಂದರ ಮೇಲೊಂದು ಬಿದ್ದರೆ ಮುಂದೆ ಹಿನ್ನೆಲೆ ಪರಿಶೀಲನೆ ಮಾಡುವವರಿಗೆ ಅದು ಏಕಕಾಲದ ಎರಡು ಉದ್ಯೋಗವಾಗಿಯೇ ಕಾಣುತ್ತದೆ. ಆಗ ‘ಪರವಾಗಿಲ್ಲ’ ಎಂದವರು ಆ ಕಂಪನಿಯಲ್ಲೇ ಇರುವುದಿಲ್ಲ.

ಒಪ್ಪಿದರೂ ಕೆಲಸ ಮುಗಿದಿಲ್ಲ. ‘ಓಕೆ, ನೋಟೆಡ್’ ಎಂಬ ವಾಟ್ಸ್ಆ್ಯಪ್ ಉತ್ತರ ಆಫರ್ ಲೆಟರ್‌ನಲ್ಲಿರುವ ರದ್ದತಿಯ ಸಾಲನ್ನು ಬದಲಿಸಿತೆಂದು ಮುಂದೆ ಸಾಧಿಸುವುದು ಕಷ್ಟ. ದಿನಾಂಕ ತಿದ್ದಿದ ಹೊಸ ಆಫರ್ ಬರಬೇಕು, ಅಥವಾ ಆಫರ್ ಕಳಿಸಿದ ಅದೇ ಮೇಲ್ ವಿಳಾಸದಿಂದ ‘ಸೇರುವ ದಿನಾಂಕ ಜೂನ್ 8 ಎಂದು ಬದಲಾಗಿದೆ, ಉಳಿದ ಷರತ್ತುಗಳು ಹಾಗೆಯೇ ಇವೆ’ ಎಂಬ ಸಾಲು ಬರಬೇಕು. ಶುಕ್ರವಾರ ಮಾರ್ಚ್ 6ರ ಸಂಜೆಯೊಳಗೆ ಅದು ಬರದಿದ್ದರೆ ಸೋಮವಾರ ಆಕೆ ಪೇಪರ್ ಹಾಕುವುದಿಲ್ಲ. ನೆನಪಿನ ಮೇಲ್ ಕಳಿಸುತ್ತಾಳೆ, ರಾಜೀನಾಮೆ ಎಷ್ಟು ದಿನ ತಡವಾಯಿತೋ ಜೂನ್ 8ನ್ನೂ ಅಷ್ಟು ದಿನ ಮುಂದಕ್ಕೆ ಹಾಕಿ.