ಕೊಂಡ ಷೇರಿಗೂ ಇರಲಿ ಒಂದು ಗಡುವು

ಷೇರಿನ ಬೆಲೆ ಎರಡು ಮೂರು ದಿನ ಜೋರಾಗಿ ಕುಸಿದರೆ ಮತ್ತೆ ತನ್ನ ಸರಾಸರಿಯ ಕಡೆಗೆ ಮರಳುವುದುಂಟು. ಇದನ್ನೇ ನಂಬಿ ನಡೆಯುವ ವಹಿವಾಟಿಗೆ ಮೀನ್ ರಿವರ್ಷನ್ ಎನ್ನುತ್ತಾರೆ. ಯಾವಾಗ ಕೊಳ್ಳಬೇಕು ಎಂಬುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಯಾವಾಗ ಹೊರಬರಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳುವವರು ಕಡಿಮೆ. ನನ್ನ ಪ್ರಕಾರ ಗೆಲುವು ಸೋಲು ತೀರ್ಮಾನವಾಗುವುದು ಅಲ್ಲೇ.

ಕೊಳ್ಳುವ ನಿಯಮಕ್ಕೆ ಎರಡು ಅಳತೆಗಳು ಸಾಕು. ಮೊದಲನೆಯದು ಆರ್‌ಎಸ್‌ಐ. ವೆಲ್ಸ್ ವೈಲ್ಡರ್ 1978ರಲ್ಲಿ ತಮ್ಮ ಪುಸ್ತಕದಲ್ಲಿ ಕೊಟ್ಟ ಲೆಕ್ಕ ಇದು. ಇತ್ತೀಚಿನ ಏರಿಳಿತದಲ್ಲಿ ಏರಿಕೆಯ ಪಾಲು ನೂರಕ್ಕೆ ಎಷ್ಟು ಎಂದು ಹೇಳುತ್ತದೆ. ದಿನದ ಸರಾಸರಿ ಏರಿಕೆ 2 ರೂಪಾಯಿ, ಸರಾಸರಿ ಇಳಿಕೆ 8 ರೂಪಾಯಿ ಇದ್ದರೆ ಆರ್‌ಎಸ್‌ಐ 20. ವೈಲ್ಡರ್ 14 ದಿನಗಳನ್ನು ಬಳಸಿದರು; ಚಿಕ್ಕ ಅವಧಿಯ ವಹಿವಾಟಿಗೆ ಅದು ತೀರ ನಿಧಾನ, 2 ದಿನದ್ದು ಮೇಲು. ಎರಡನೆಯದು ಬೊಲಿಂಜರ್ ಬ್ಯಾಂಡ್: 20 ದಿನದ ಸರಾಸರಿಯ ಮೇಲೆ ಮತ್ತು ಕೆಳಗೆ, ಬೆಲೆಯ ಚದುರುವಿಕೆಯ ಅಳತೆಯಾದ ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಎರಡರಷ್ಟು ದೂರದಲ್ಲಿ ಎಳೆದ ಗೆರೆಗಳು.

ಎರಡೂ ಒಟ್ಟಿಗೆ ಸೂಚನೆ ಕೊಟ್ಟರೆ ಇಬ್ಬರು ಸಾಕ್ಷಿಗಳು ಸಿಕ್ಕರೆಂದು ಬೀಗಬೇಡಿ. ಎರಡೂ ಹುಟ್ಟುವುದು ಅದೇ ಕ್ಲೋಸಿಂಗ್ ಬೆಲೆಯಿಂದ. ಕುಸಿತ ಎಷ್ಟು ಬಿರುಸಾಗಿದೆ ಎಂದು ಒಂದು ಹೇಳಿದರೆ, ಆ ಷೇರಿನ ಮಾಮೂಲಿ ಏರಿಳಿತಕ್ಕೆ ಹೋಲಿಸಿದರೆ ಅದು ಎಷ್ಟು ದೊಡ್ಡದು ಎಂದು ಇನ್ನೊಂದು ಹೇಳುತ್ತದೆ, ಅಷ್ಟೆ. ನಿಜವಾಗಿ ಬೇರೆ ಮಾತಾಡುವುದು ಮೂರನೆಯ ಷರತ್ತು: ಬೆಲೆ 200 ದಿನದ ಸರಾಸರಿಗಿಂತ ಮೇಲಿರಬೇಕು. 2020ರ ಫೆಬ್ರವರಿ ಮಧ್ಯದಲ್ಲಿ 12,000ದ ಮೇಲಿದ್ದ ನಿಫ್ಟಿ 50, ಮಾರ್ಚ್ 23ರಂದು 7,610ಕ್ಕೆ ಇಳಿಯಿತು. ಅಂಥ ಕುಸಿತದಲ್ಲಿ ಕೆಳಗಿನ ಗೆರೆಯೂ ಬೆಲೆಯ ಜೊತೆಗೇ ಜಾರುತ್ತದೆ, ಮತ್ತೆ ಮತ್ತೆ ‘ಕೊಳ್ಳಿ’ ಎನ್ನುತ್ತದೆ. ಮೂರನೆಯ ಷರತ್ತು ಆಗ ಎಲ್ಲ ಪೆಟ್ಟನ್ನೂ ತಪ್ಪಿಸುವುದಿಲ್ಲ, ಆದರೆ ಮತ್ತೆ ಮತ್ತೆ ಕೊಳ್ಳದಂತೆ ತಡೆಯುತ್ತದೆ.

ಒಂದು ಕಲ್ಪಿತ ಷೇರನ್ನು ನೋಡೋಣ. 20 ದಿನದ ಸರಾಸರಿ 500 ರೂಪಾಯಿ, ಕೆಳಗಿನ ಗೆರೆ 480, 200 ದಿನದ ಸರಾಸರಿ 455. ಸತತ ಮೂರು ದಿನದ ಕ್ಲೋಸಿಂಗ್ 491, 484, 476. ಎರಡು ದಿನದ ಆರ್‌ಎಸ್‌ಐ 7ರ ಆಸುಪಾಸಿಗೆ ಬಂದಿದೆ. ನಮ್ಮ ಮಿತಿ 10. ಮೂರೂ ಷರತ್ತು ಕೂಡಿಬಂತು. ಆದರೆ ಇದು ತಿಳಿಯುವುದು ಮಾರುಕಟ್ಟೆ ಮುಚ್ಚಿದ ಮೇಲೆ. ಆದ್ದರಿಂದ ಕೊಳ್ಳುವುದು ಮರುದಿನ ಬೆಳಗಿನ ಬೆಲೆಗೆ, ಅಂದರೆ 477ಕ್ಕೆ. ಹಳೆಯ ಅಂಕಿಗಳ ಮೇಲೆ ಪರೀಕ್ಷೆ ಮಾಡುವಾಗ 476ಕ್ಕೇ ಕೊಂಡಂತೆ ಬರೆದುಕೊಂಡರೆ ಕೈಗೆ ಸಿಗದ ಲಾಭ ಕಾಗದದ ಮೇಲೆ ಕಾಣುತ್ತದೆ.

ಎಷ್ಟು ಕೊಳ್ಳಬೇಕು? ಬಂಡವಾಳ 2 ಲಕ್ಷ, ಒಂದು ವಹಿವಾಟಿನಲ್ಲಿ ಕಳೆದುಕೊಳ್ಳಲು ಸಿದ್ಧವಿರುವುದು 2,000. ಸ್ಟಾಪ್‌ಲಾಸ್ 447ರಲ್ಲಿ ಇಟ್ಟರೆ ಒಂದು ಷೇರಿಗೆ 30 ರೂಪಾಯಿ ಅಪಾಯ. 66 ಷೇರು ಬರುತ್ತದೆ. ಸ್ಟಾಪ್‌ಲಾಸ್ ಬೇಕೆಂದೇ ದೂರದಲ್ಲಿದೆ. ಕುಸಿದ ಷೇರನ್ನು ಕೊಳ್ಳುವಾಗ ಅದು ಇನ್ನಷ್ಟು ಕುಸಿದು ಆಮೇಲೆ ಏಳುವುದು ಮಾಮೂಲು. ಹತ್ತಿರ ಇಟ್ಟರೆ ಗೆಲ್ಲಬೇಕಾದ ವಹಿವಾಟುಗಳೇ ಮೊದಲು ಕೈಬಿಟ್ಟು ಹೋಗುತ್ತವೆ.

ಹೊರಬರುವ ನಿಯಮ: 20 ದಿನದ ಸರಾಸರಿಯ ಮೇಲೆ ಕ್ಲೋಸಿಂಗ್ ಆದರೆ ಮರುದಿನ ಬೆಳಗ್ಗೆ ಮಾರುವುದು. ಐದನೆಯ ದಿನ ಷೇರು 498ಕ್ಕೆ ಮುಗಿದು, ಅಷ್ಟರಲ್ಲಿ ಸರಾಸರಿಯೂ 496ಕ್ಕೆ ಇಳಿದಿದ್ದರೆ, ಮರುದಿನ 497ಕ್ಕೆ ಮಾರಿ 1,320 ರೂಪಾಯಿ ಬರುತ್ತದೆ. ಡೆಲಿವರಿ ವಹಿವಾಟಿಗೆ ಕೊಳ್ಳುವಾಗಲೂ ಮಾರುವಾಗಲೂ ಶೇ. 0.1 ಎಸ್‌ಟಿಟಿ ಇದೆ, ಸುಮಾರು 64 ರೂಪಾಯಿ ಅದಕ್ಕೆ ಹೋಯಿತು; ಉಳಿದ ಶುಲ್ಕ ಬೇರೆ. ಸರಾಸರಿ ತಾನೇ ಇಳಿಯುತ್ತದೆ ಎಂಬುದನ್ನು ಗಮನಿಸಿ. ಬೆಲೆ ಏಳದೆ ಮಲಗಿದ್ದರೆ ಸರಾಸರಿಯೇ ಕೆಳಗೆ ಬಂದು ಅದನ್ನು ಮುಟ್ಟುತ್ತದೆ, ಆಗ ‘ಗುರಿ’ ಮುಟ್ಟಿಯೂ ನಷ್ಟವಾಗಬಹುದು.

ಟೈಮ್ ಸ್ಟಾಪ್ ಬೇಕಾಗುವುದು ಇಲ್ಲಿಯೇ. ನಾವು ಕೊಂಡದ್ದು ಭಯದ ಮಾರಾಟ ಬೇಗ ತಣ್ಣಗಾಗುತ್ತದೆ ಎಂಬ ಒಂದೇ ಕಾರಣಕ್ಕೆ. ಎಂಟು ದಿನವಾದರೂ ಷೇರು 470–480ರ ನಡುವೆಯೇ ಹೊರಳುತ್ತಿದ್ದರೆ ಆ ಕಾರಣ ಮುಗಿದಿದೆ. ಮರುದಿನ 473ಕ್ಕೆ ಮಾರಿದರೆ ನಷ್ಟ 264 ರೂಪಾಯಿ, ಹಣ ಬಿಡುಗಡೆ. ಎಂಟು ಎಂಬುದು ಪವಿತ್ರ ಸಂಖ್ಯೆಯಲ್ಲ. ಹಳೆಯ ವಹಿವಾಟುಗಳಲ್ಲಿ ಗೆದ್ದವು ಎಷ್ಟು ದಿನದಲ್ಲಿ ಮುಗಿದವು ಎಂದು ಪಟ್ಟಿ ಮಾಡಿ. ಹೆಚ್ಚಿನವು ಆರು ದಿನದೊಳಗೆ ಮುಗಿದಿದ್ದರೆ ಅದಕ್ಕೆ ಎರಡು ದಿನ ಸೇರಿಸಿ. ಗಡುವನ್ನು ಏಳಕ್ಕೆ ಅಥವಾ ಹತ್ತಕ್ಕೆ ಬದಲಿಸಿದ ಕೂಡಲೇ ಲಾಭ ಮಾಯವಾದರೆ, ಆ ಲಾಭ ಅಂಕಿಗಳ ಆಕಸ್ಮಿಕ. ಆ ನಿಯಮವನ್ನು ಕೈಬಿಡಿ.

ಇಷ್ಟೆಲ್ಲ ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ರಾತ್ರಿ ಕೆಟ್ಟ ಸುದ್ದಿ ಬಂದು ಷೇರು ಬೆಳಗ್ಗೆ ನೇರವಾಗಿ 425ಕ್ಕೆ ತೆರೆದುಕೊಂಡರೆ 447ರ ಸ್ಟಾಪ್‌ಲಾಸ್ ಕಾಪಾಡುವುದಿಲ್ಲ. ನಷ್ಟ 2,000 ಅಲ್ಲ, 3,432. ಒಂದೇ ಕಂಪನಿಯ ಷೇರಿನ ಬದಲು ನಿಫ್ಟಿ ಇಟಿಎಫ್‌ನಲ್ಲಿ ಈ ನಿಯಮ ನಡೆಸಿದರೆ ಅವಕಾಶಗಳು ಕಡಿಮೆಯಾಗುತ್ತವೆ, ಆದರೆ ಒಂದು ಕಂಪನಿಯ ಸುದ್ದಿಯಿಂದ ಬೀಳುವ ಇಂಥ ಪೆಟ್ಟು ಬಹಳ ಮಟ್ಟಿಗೆ ತಪ್ಪುತ್ತದೆ. ಹೊಸಬರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.