ಶಿಳ್ಳೆ ಹೊಡೆದರೆ ಒಂದು ಶಿಲಿಂಗ್ ದಂಡ

ಕೈಗಾರಿಕಾ ಕ್ರಾಂತಿ ಅಂದ ಕೂಡಲೇ ನಾವೆಲ್ಲ ಒಂದೇ ಸಾಲು ಹೇಳ್ತೀವಿ: ಜನ ಹೊಲ ಬಿಟ್ಟು ಫ್ಯಾಕ್ಟರಿಗೆ ಬಂದರು, ನಗರ ಬೆಳೆಯಿತು. ಸರಿ, ಆದರೆ ಯಾಕೆ ಬರಬೇಕಿತ್ತು? ಮಗ್ಗ ಮನೆಯಲ್ಲೇ ಇತ್ತಲ್ಲ!

ಹೌದು, ಮನೆಯಲ್ಲೇ ಇತ್ತು. ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯವನ್ನೇ ತಗೊಳ್ಳಿ. 1760ರ ಸುಮಾರಿಗೆ ಅಲ್ಲಿನ ಎಷ್ಟೋ ರೈತರು ನೇಕಾರರೂ ಆಗಿದ್ದರು. ಒಂದು ತುಂಡು ಜಮೀನು, ಒಂದು ಹಸು, ಮನೆಯೊಳಗೊಂದು ಮಗ್ಗ. ವ್ಯಾಪಾರಿ ಹತ್ತಿ ಕೊಡುತ್ತಿದ್ದ, ಹೆಂಗಸರು ಮಕ್ಕಳು ನೂಲುತ್ತಿದ್ದರು, ಗಂಡಸು ನೇಯ್ದು ಬಟ್ಟೆ ಒಪ್ಪಿಸಿ ಕೂಲಿ ತರುತ್ತಿದ್ದ. ಬಿಸಿಲಿದ್ದರೆ ಹೊಲ, ಮಳೆಯಾದರೆ ಮಗ್ಗ. ಸೋಮವಾರ ಕೆಲಸಕ್ಕೆ ಚಕ್ಕರ್ ಹೊಡೆದು ಶುಕ್ರವಾರ ರಾತ್ರಿಯೆಲ್ಲ ಕೂತು ನೇಯ್ದರೂ ಕೇಳುವವರಿಲ್ಲ. ಆ ಚಕ್ಕರ್‌ಗೆ ಅವರು ‘ಸಂತ ಸೋಮವಾರ’ ಅಂತ ಹೆಸರೂ ಇಟ್ಟಿದ್ದರು!

ಮೊದಲು ಮನೆಯಿಂದ ಹೊರಟಿದ್ದು ನೂಲುವ ಕೆಲಸ. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಕ್ರಾಮ್‌ಫರ್ಡ್ ಅನ್ನೋ ಹಳ್ಳಿಯಲ್ಲಿ, ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಕಟ್ಟಲು ಶುರು ಮಾಡಿದ. ಗಮನಿಸಿ, ಮೊದಲ ಗಿರಣಿಗಳು ನಗರದಲ್ಲಿರಲಿಲ್ಲ. ಹರಿಯುವ ನೀರು ಎಲ್ಲಿದೆಯೋ ಅಲ್ಲೇ ಕಟ್ಟಬೇಕಿತ್ತು. ಜೇಮ್ಸ್ ವಾಟ್‌ನ ಉಗಿ ಎಂಜಿನ್ ಚಕ್ರ ತಿರುಗಿಸುವಂತಾದ ಮೇಲೆ ಆ ಕಟ್ಟು ಬಿಚ್ಚಿತು. ಈಗ ಬೇಕಿದ್ದದ್ದು ಕಲ್ಲಿದ್ದಲು, ಆಳು. ಮ್ಯಾಂಚೆಸ್ಟರ್‌ಗೆ 1760ರ ದಶಕದಲ್ಲೇ ಕಾಲುವೆಯಲ್ಲಿ ಅಗ್ಗದ ಕಲ್ಲಿದ್ದಲು ಬರತೊಡಗಿತ್ತು.

ಎಲ್ಲವನ್ನೂ ಬದಲಿಸಿದ್ದು ಗಿರಣಿಯೊಳಗಿನ ಒಂದು ಶಾಫ್ಟ್. ಎಂಜಿನ್ ಒಂದೇ. ಅದು ಉದ್ದನೆಯ ಶಾಫ್ಟ್ ತಿರುಗಿಸುತ್ತದೆ. ಹಲ್ಲುಚಕ್ರ, ಬೆಲ್ಟುಗಳ ಮೂಲಕ ಪ್ರತಿ ಮಹಡಿಯ ಯಂತ್ರಗಳೂ ಅದರಿಂದಲೇ ಓಡುತ್ತವೆ. ಇನ್ನೂರು ಜನ ಬಂದರೂ ಇಪ್ಪತ್ತು ಜನ ಬಂದರೂ ಬೆಂಕಿಗೆ ಕಲ್ಲಿದ್ದಲು ಹಾಕಲೇಬೇಕು. ಹಾಗಾಗಿ ಎಲ್ಲರೂ ಒಂದೇ ಗಳಿಗೆಗೆ ಬರಬೇಕು, ಒಂದೇ ಗಳಿಗೆಗೆ ಹೋಗಬೇಕು. ಸಂತ ಸೋಮವಾರ ಇಲ್ಲಿ ನಡೆಯೋದಿಲ್ಲ. ಗಂಟೆ, ಬೀಗ ಹಾಕಿದ ಗೇಟು, ದಂಡ ಎಲ್ಲ ಬಂದಿದ್ದು ಹೀಗೆ. 1823ರಲ್ಲಿ ಟಿಲ್ಡ್ಸ್‌ಲಿಯ ನೂಲುಗಾರರು ಅಚ್ಚು ಹಾಕಿಸಿದ ದಂಡದ ಪಟ್ಟಿ ನೋಡಿ: ಶಿಳ್ಳೆ ಹೊಡೆದರೆ ಒಂದು ಶಿಲಿಂಗ್, ಕಿಟಕಿ ತೆರೆದರೂ ಒಂದು ಶಿಲಿಂಗ್. ಕಿಟಕಿಗೂ ಯಾಕೆ? ಒಣ ಗಾಳಿ ಬಂದರೆ ನೂಲು ತುಂಡಾಗುತ್ತೆ. ಬೆವರುವವನ ಚಿಂತೆಗಿಂತ ನೂಲಿನ ಚಿಂತೆ ಹೆಚ್ಚು.

ನೇಯ್ಗೆ ಯಂತ್ರಕ್ಕೆ ಹೋಗಿದ್ದು ತಡವಾಗಿ. ಅಲ್ಲಿತನಕ ಅಗ್ಗದ ನೂಲು ಸಿಕ್ಕಿ ನೇಕಾರರು ಸುಖವಾಗಿದ್ದರು. ಮಗ್ಗ ಹಿಡಿದವರ ಸಂಖ್ಯೆ ಏರಿತು, ಕೂಲಿ ಇಳಿಯಿತು, ಮೇಲೆ ಪವರ್‌ಲೂಮ್ ಬಂತು. ಬೋಲ್ಟನ್ ಊರಲ್ಲಿ 1800ರಲ್ಲಿ ವಾರಕ್ಕೆ ಸುಮಾರು 25 ಶಿಲಿಂಗ್ ಇದ್ದ ನೇಕಾರನ ಗಳಿಕೆ, ಇಪ್ಪತ್ತು ವರ್ಷದಲ್ಲಿ 9ರ ಆಸುಪಾಸಿಗೆ ಕುಸಿಯಿತು. ಅವನ ಮಕ್ಕಳು ಗಿರಣಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

1801ರಲ್ಲಿ ಮ್ಯಾಂಚೆಸ್ಟರ್ ಜನಸಂಖ್ಯೆ ಮುಕ್ಕಾಲು ಲಕ್ಷದ ಆಸುಪಾಸು. 1851ಕ್ಕೆ ಮೂರು ಲಕ್ಷ. ಬಸ್ಸು, ರೈಲು ಕೂಲಿಯವರ ಕೈಗೆಟುಕಲ್ಲ. ಗಂಟೆ ಬಾರಿಸುವಷ್ಟರಲ್ಲಿ ನಡೆದು ತಲುಪಬೇಕು ಅಂದರೆ ಗಿರಣಿಯ ಪಕ್ಕದಲ್ಲೇ ಮನೆ ಇರಬೇಕು. ಬೆನ್ನಿಗೆ ಬೆನ್ನು ಅಂಟಿಸಿದ ಮನೆಗಳೆದ್ದವು. ಹಿಂಬದಿ ಕಿಟಕಿಯಿಲ್ಲ, ಒಂದಿಡೀ ಸಾಲಿಗೆ ಬೆರಳೆಣಿಕೆಯ ಕಕ್ಕಸು. ಬಡವರು ನೆಲಮಾಳಿಗೆಗೂ ಬಾಡಿಗೆ ಕಟ್ಟಿದರು. 1832ರಲ್ಲಿ ಕಾಲರಾ ಬಂತು. ಮುನಿಸಿಪಲ್ ಕಾರ್ಪೊರೇಷನ್ ಬಂದಿದ್ದು 1838ರಲ್ಲಿ! ಮೊದಲು ಊರು, ಆಮೇಲೆ ಆಡಳಿತ.

1842ರ ಎಡ್ವಿನ್ ಚಾಡ್ವಿಕ್ ವರದಿಯ ಪ್ರಕಾರ ಮ್ಯಾಂಚೆಸ್ಟರಿನ ಕೂಲಿ ಕುಟುಂಬಗಳಲ್ಲಿ ಸಾಯುವವರ ಸರಾಸರಿ ವಯಸ್ಸು 17. ರಟ್‌ಲೆಂಡ್ ಅನ್ನೋ ಹಳ್ಳಿಗಾಡಿನ ಕೂಲಿಗಳಲ್ಲಿ 38. ಇದನ್ನ ಹುಷಾರಾಗಿ ಓದಬೇಕು. ಹದಿನೇಳಕ್ಕೆ ಎಲ್ಲರೂ ಸತ್ತರು ಅಂತ ಅರ್ಥವಲ್ಲ. ಆ ಕುಟುಂಬಗಳ ಅರ್ಧಕ್ಕಿಂತ ಹೆಚ್ಚು ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಸರಾಸರಿಯನ್ನ ಕೆಳಗೆ ಎಳೆದದ್ದು ಆ ಮಕ್ಕಳು. ನನ್ನ ಪ್ರಕಾರ ಇದು ಇನ್ನೂ ಭಯಂಕರ.

ಕಾನೂನು ನಿಧಾನವಾಗಿ ಬಂತು. 1833ರ ಕಾಯ್ದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನ ಹತ್ತಿ ಗಿರಣಿಗೆ ಸೇರಿಸಬಾರದು ಅಂದಿತು. ಇಡೀ ದೇಶಕ್ಕೆ ಇನ್ಸ್‌ಪೆಕ್ಟರ್‌ಗಳು ನಾಲ್ಕೇ ಜನ! 1850ರ ಕಾಯ್ದೆ ಶನಿವಾರ ಮಧ್ಯಾಹ್ನ ಎರಡಕ್ಕೆ ಕೆಲಸ ನಿಲ್ಲಿಸಿ ಅಂದಿತು, ಅದೂ ಹೆಂಗಸರಿಗೆ, ಹದಿಹರೆಯದವರಿಗೆ ಮಾತ್ರ. ಗಂಡಸರ ಹೆಸರೇ ಇಲ್ಲ. ಆದರೆ ಅವರಿಲ್ಲದೆ ಗಿರಣಿ ನಡೆಯಲ್ಲ, ಶಾಫ್ಟ್ ನಿಂತರೆ ಎಲ್ಲರಿಗೂ ನಿಂತಿತು. ಹೀಗೆ ಗಂಡಸರಿಗೂ ಶನಿವಾರದ ಅರ್ಧ ದಿನ ಸಿಕ್ಕಿತು. ಆ ಮಧ್ಯಾಹ್ನ ಅವರು ಹೋಗತೊಡಗಿದ್ದು ಫುಟ್‌ಬಾಲ್ ಮೈದಾನಕ್ಕೆ. 1888ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಹುಟ್ಟಿದಾಗ ಇದ್ದ ಹನ್ನೆರಡು ತಂಡಗಳಲ್ಲಿ ಆರು ಈ ಲ್ಯಾಂಕಾಶೈರಿನವೇ.